ಕಾರಂತರು ಮೊದಲೋ, ಕಾರ್ನಾಡರೋ?

ಪಿಎಚ್.ಡಿ. ಪ್ರಬಂಧಗಳ ಕರಡು ತಿದ್ದಲು ಕೂತಾಗ ನಾನು ಮೊದಲು ತೆರೆಯುವುದು ಕೊನೆಯ ಪುಟಗಳನ್ನು. ಪರಾಮರ್ಶನ ಗ್ರಂಥಗಳ ಪಟ್ಟಿಯಲ್ಲಿ ‘ಕ’ ಎಲ್ಲಿದೆ ಎಂದು ಹುಡುಕಿ, ಅಲ್ಲಿನ ಹೆಸರುಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತೇನೆ. ಆಧುನಿಕ ಕನ್ನಡ ಸಾಹಿತ್ಯದ ಪ್ರಬಂಧವಾದರೆ ಅಲ್ಲಿ ಜನ ತುಂಬಿರುತ್ತಾರೆ: ಕಂಬಾರ, ಕಟ್ಟೀಮನಿ, ಕಣವಿ, ಕಲಬುರ್ಗಿ, ಕಾರಂತ, ಕಾರ್ನಾಡ, ಕುರ್ತಕೋಟಿ, ಕುವೆಂಪು. ಈಗ ಬರೆದಿರುವುದೇ ಸರಿಯಾದ ಅಕಾರಾದಿ. ಈ ಎಂಟು ಹೆಸರು ಎಲ್ಲಿ ಅದಲುಬದಲಾಗಿವೆ ಎಂದು ನೋಡಿದರೆ ಸಾಕು, ಆ ಪಟ್ಟಿ ಹೇಗೆ ತಯಾರಾಯಿತು ಎಂಬುದು ತಿಳಿದುಹೋಗುತ್ತದೆ.

ಕಲಬುರ್ಗಿ ಮೊದಲು ಬಂದು, ಆಮೇಲೆ ಕಂಬಾರ, ಕಣವಿ, ಕಾರಂತ, ಕಾರ್ನಾಡ ಬಂದು, ಅವರ ಹಿಂದೆ ಕಟ್ಟೀಮನಿ ನಿಂತಿದ್ದರೆ ಪಟ್ಟಿ ಮೊದಲು ಇಂಗ್ಲಿಷಿನಲ್ಲಿ ಜೋಡಣೆಯಾಗಿತ್ತು ಎಂದರ್ಥ. ಅಲ್ಲಿನ ಮೂರನೆಯ ಅಕ್ಷರಗಳು ಎಲ್, ಎಂ, ಎನ್, ಆರ್, ಟಿ. ಆ ಕ್ರಮವನ್ನು ಹಾಗೇ ಇಟ್ಟು ಹೆಸರುಗಳನ್ನು ಮಾತ್ರ ಕನ್ನಡಕ್ಕೆ ಇಳಿಸಿದ್ದಾರೆ. ಕಂಬಾರರು ಕುವೆಂಪು ಅವರ ಕೆಳಗೆ ಹೋಗಿದ್ದರೆ ಯಾರೋ ಕಾಗುಣಿತವನ್ನು ನೆನೆದುಕೊಂಡು ಕೈಯಲ್ಲೇ ಜೋಡಿಸಿದ್ದಾರೆ. ಶಾಲೆಯಲ್ಲಿ ‘ಕಂ’ ಬರುವುದು ‘ಕೌ’ ಆದ ಮೇಲಲ್ಲವೇ? ಆದರೆ ನಿಘಂಟು ತೆಗೆದು ನೋಡಿ: ‘ಅಂಕ’ ಎಂಬ ಮಾತು ‘ಅಕ್ಕ’ನಿಗಿಂತ ಮೊದಲೇ ಸಿಗುತ್ತದೆ. ಪದಗಳನ್ನು ಜೋಡಿಸುವಾಗ ಸೊನ್ನೆ ತನ್ನ ಹಿಂದಿನ ಅಕ್ಷರಕ್ಕೆ ಅಂಟಿಕೊಂಡು, ಮಿಕ್ಕ ವ್ಯಂಜನಗಳಿಗಿಂತ ಮುಂದೆ ಲೆಕ್ಕಕ್ಕೆ ಬರುತ್ತದೆ. ಹಾಗಾಗಿಯೇ ಕಂಬಾರರು ಮೊದಲು.

ಕಾರ್ನಾಡರು ಕಾರಂತರಿಗಿಂತ ಮುಂದೆ ನಿಂತಿರುವುದೂ ಉಂಟು. ಅದು ಕಣ್ಣಿನ ತಪ್ಪು. ‘ಕಾರ್ನಾಡ’ ಎಂದು ಬರೆದಾಗ ಕಣ್ಣಿಗೆ ‘ಕಾ’ ಆದ ಮೇಲೆ ‘ನಾ’ ಕಾಣುತ್ತದೆ, ಅರ್ಕಾವೊತ್ತು ಅದರ ಬಲಕ್ಕಿರುತ್ತದೆ. ಉಚ್ಚಾರಣೆಯಲ್ಲಿ ಮಾತ್ರ ರಕಾರ ಮೊದಲು, ನಕಾರ ಆಮೇಲೆ. ಜೋಡಣೆ ಉಚ್ಚಾರಣೆಯನ್ನು ಅನುಸರಿಸಬೇಕು, ಆಕಾರವನ್ನಲ್ಲ. ಇಬ್ಬರಲ್ಲೂ ‘ಕಾ’ ಆದ ಮೇಲೆ ರಕಾರವೇ ಇದೆ. ಕಾರಂತರಲ್ಲಿ ಅದಕ್ಕೆ ಸ್ವರ, ಸೊನ್ನೆ ಇವೆ. ಕಾರ್ನಾಡರಲ್ಲಿ ಅದು ಒತ್ತಕ್ಷರದ ಭಾಗ. ಒಂದು ಅಕ್ಷರದ ಕಾಗುಣಿತವೆಲ್ಲ ಮುಗಿದ ಮೇಲೆ ಅದರ ಒತ್ತಕ್ಷರಗಳು ಬರುತ್ತವೆ. ಕಾರಂತರೇ ಮೊದಲು.

ಕಂಪ್ಯೂಟರಿಗೆ ಬಿಟ್ಟರೆ ಇದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ನಂಬಬೇಡಿ. ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಯ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅದನ್ನು ಜೋಡಿಸಲು ಹೇಳಿದರೆ ಬರುವುದು ಗೊಂದಲ. ಯೂನಿಕೋಡಿನಲ್ಲೂ ಒಂದು ಮುಳ್ಳಿದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಹಕಾರದ ನಂತರ, ಕೊನೆಯಲ್ಲಿದೆ. ಯೂನಿಕೋಡ್ ಕೋಷ್ಟಕದಲ್ಲಿ ಅದು ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮುಂಚೆ ಕೂತಿದೆ. ಬರೀ ಸಂಕೇತಗಳ ಕ್ರಮದಲ್ಲಿ ಜೋಡಿಸುವ ತಂತ್ರಾಂಶವಾದರೆ ಮಳಗಿ ಎಂಬ ಮನೆತನದವರನ್ನು ದೇವನೂರ ಮಹಾದೇವರಿಗಿಂತ ಮುಂದೆ ಕೂರಿಸುತ್ತದೆ. ಕನ್ನಡದ ಕ್ರಮದಲ್ಲಿ ಮಹಾದೇವ ಮೊದಲು, ಮಳಗಿ ಆಮೇಲೆ.

ಇನ್ನು ಇನಿಷಿಯಲ್‌ಗಳ ಮಾತು. ಎಂ.ಎಂ. ಕಲಬುರ್ಗಿ, ಎಸ್.ಎಲ್. ಭೈರಪ್ಪ, ಎಲ್.ಎಸ್. ಶೇಷಗಿರಿ ರಾವ್, ಎಚ್.ಎಸ್. ವೆಂಕಟೇಶಮೂರ್ತಿ, ಎ.ಕೆ. ರಾಮಾನುಜನ್. ಇನಿಷಿಯಲ್ ಹಿಡಿದು ಜೋಡಿಸಿದರೆ ಇವರೆಲ್ಲ ‘ಎ’ ಅಕ್ಷರದಡಿ ಗುಂಪುಗೂಡುತ್ತಾರೆ. ಹುಡುಕುವವರಿಗೆ ಏನೂ ಸಹಾಯವಾಗುವುದಿಲ್ಲ. ಎಚ್ ಅನ್ನು ಕೆಲವರು ಹೆಚ್ ಎಂದು ಬರೆಯುವುದರಿಂದ ಒಬ್ಬರೇ ಎರಡು ಕಡೆ ಕಾಣಿಸಿಕೊಳ್ಳುವುದೂ ಇದೆ. ಅದಕ್ಕೇ ಮುಖ್ಯ ಹೆಸರನ್ನು ಮುಂದಿಟ್ಟು, ಅಲ್ಪವಿರಾಮ ಹಾಕಿ, ಇನಿಷಿಯಲ್‌ಗಳನ್ನು ಹಿಂದೆ ಹಾಕುವುದು: ‘ಭೈರಪ್ಪ, ಎಸ್.ಎಲ್.’ ಎಂದು. ಮುಖ್ಯ ಹೆಸರು ಒಂದೇ ಆದಾಗ ಮಾತ್ರ ಇನಿಷಿಯಲ್‌ಗೆ ಕೆಲಸ. ‘ಕಾರಂತ, ಬಿ.ವಿ.’ ಮೊದಲು, ‘ಕಾರಂತ, ಶಿವರಾಮ’ ಆಮೇಲೆ. ಆದರೆ ಅವರನ್ನೇ ‘ಕಾರಂತ, ಕೆ. ಶಿವರಾಮ’ ಎಂದು ಬರೆದಿರೋ, ಬಿ.ವಿ. ಕಾರಂತರನ್ನು ದಾಟಿ ಮೇಲೆ ಹೋಗುತ್ತಾರೆ. ಎರಡರಲ್ಲಿ ಯಾವುದಾದರೂ ಸರಿಯೇ, ಪಟ್ಟಿಯುದ್ದಕ್ಕೂ ಒಂದೇ ರೂಪವಿರಬೇಕು. ಒಂದು ಪುಸ್ತಕಕ್ಕೆ ಹೀಗೆ, ಇನ್ನೊಂದಕ್ಕೆ ಹಾಗೆ ಬರೆದರೆ ಶಿವರಾಮ ಕಾರಂತರು ಇಬ್ಬರಾಗುತ್ತಾರೆ, ನಡುವೆ ಬಿ.ವಿ. ಕಾರಂತರು ನಿಲ್ಲುತ್ತಾರೆ.

ಕುವೆಂಪು ಎಂಬ ಕಾವ್ಯನಾಮವನ್ನು ಬಿಡಿಸಿ ತಿರುಗಿಸುವ ಅಗತ್ಯವಿಲ್ಲ, ಪುಸ್ತಕದ ಶೀರ್ಷಿಕೆ ಪುಟದಲ್ಲಿ ಇದ್ದಂತೆ ಇಡಿ. ಬೇಕಿದ್ದರೆ ‘ಪುಟ್ಟಪ್ಪ, ಕೆ.ವಿ.’ ಎಂಬಲ್ಲಿ ‘ಕುವೆಂಪು ನೋಡಿ’ ಎಂದು ಒಂದು ಸಾಲು ಸೇರಿಸಬಹುದು. ಪೂರ್ಣಚಂದ್ರ ತೇಜಸ್ವಿ ಎಂಬಲ್ಲಿ ತೇಜಸ್ವಿ ಎಂಬುದು ಮನೆತನದ ಹೆಸರಲ್ಲ, ಎರಡೂ ಸೇರಿ ಅವರ ಹೆಸರು. ನಾನಾದರೆ ‘ಪೂರ್ಣಚಂದ್ರ ತೇಜಸ್ವಿ, ಕೆ.ಪಿ.’ ಎಂದು ‘ಪ’ದಲ್ಲಿಡುತ್ತೇನೆ.

ಹೆಸರಿನ ಮುಂದಿನ ಡಾ., ಪ್ರೊ., ಶ್ರೀ ಇವುಗಳನ್ನು ಪಟ್ಟಿಯಲ್ಲಿ ಕೈಬಿಡಬೇಕು. ವಿದೇಶಿ ಹೆಸರುಗಳ ಮುಂದಿನ ಪುಟ್ಟ ಪದಗಳು ಅಷ್ಟು ಸುಲಭವಲ್ಲ, ಅವು ಲೇಖಕರ ನಾಡನ್ನು ಕೇಳುತ್ತವೆ. ಫ್ರೆಂಚರ ‘ದ’ ಸಾಮಾನ್ಯವಾಗಿ ಹಿಂದಕ್ಕೆ ಹೋಗುತ್ತದೆ: ಸಿಮೋನ್ ದ ಬೊವಾ ಅವರು ‘ಬೊವಾ, ಸಿಮೋನ್ ದ’ ಆಗುತ್ತಾರೆ. ಅದೇ ಫ್ರೆಂಚಿನ ‘ಲಾ’ ಹೆಸರಿಗೆ ಅಂಟಿಕೊಂಡೇ ಇರುತ್ತದೆ, ಲಾ ಫೊಂಟೇನ್ ‘ಲ’ದಲ್ಲೇ ಸಿಗಬೇಕು. ಇಂಗ್ಲಿಷ್ ಲೇಖಕಿ ಡ್ಯಾಫ್ನಿ ಡು ಮೊರಿಯೆ ಅವರ ಹೆಸರಿನ ಮೂಲ ಫ್ರೆಂಚ್ ಆದರೂ ಇಂಗ್ಲೆಂಡಿನ ರೂಢಿಯಂತೆ ‘ಡ’ದಲ್ಲಿ ಇರುತ್ತಾರೆ.

ಒಬ್ಬರದೇ ಹಲವು ಕೃತಿಗಳಿದ್ದರೆ? ಕಾರ್ನಾಡರ ಮೂರು ನಾಟಕ ತೆಗೆದುಕೊಳ್ಳೋಣ: ಯಯಾತಿ (1961), ತುಘಲಕ್ (1964), ತಲೆದಂಡ (1990). ಸಮಾಜವಿಜ್ಞಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಪಿಎ ಶೈಲಿಯಲ್ಲಿ ವರ್ಷವೇ ಮುಖ್ಯ, ಹಳೆಯದು ಮೊದಲು. ಹಾಗಾಗಿ ಮೇಲಿನ ಕ್ರಮವೇ ಸರಿ. ಸಾಹಿತ್ಯದವರು ಬಳಸುವ ಎಂಎಲ್ಎ ಶೈಲಿಯಲ್ಲಿ ಕೃತಿಯ ಹೆಸರಿನ ಅಕಾರಾದಿ, ಅಂದರೆ ತಲೆದಂಡ, ತುಘಲಕ್, ಯಯಾತಿ. ಪೂರ್ತಿ ತಿರುಗುಮುರುಗು! ಎಪಿಎಯಲ್ಲಿ ಲೇಖಕರ ಹೆಸರನ್ನು ಪ್ರತಿ ಸಲವೂ ಬರೆಯಬೇಕು, ಎಂಎಲ್ಎಯಲ್ಲಿ ಎರಡನೆಯ ಕೃತಿಯಿಂದ ಹೆಸರಿನ ಜಾಗದಲ್ಲಿ ಅಡ್ಡಗೆರೆ ಎಳೆಯುತ್ತಾರೆ. ಆ ಗೆರೆಗಳನ್ನು ಪಟ್ಟಿ ಪೂರ್ತಿ ಜೋಡಣೆಯಾದ ಮೇಲೆ ಹಾಕಿ. ಮೊದಲೇ ಹಾಕಿದರೆ ಜೋಡಿಸುವಾಗ ಎಲ್ಲ ಲೇಖಕರ ಗೆರೆಗಳೂ ಒಟ್ಟಿಗೆ ಸೇರಿ, ಯಾವ ಕೃತಿ ಯಾರದೆಂದು ಗೊತ್ತಾಗುವುದಿಲ್ಲ.

ಕೊನೆಗೆ ಅಂಚು. ಪ್ರತಿ ನಮೂದಿನ ಮೊದಲ ಸಾಲು ಎಡ ಅಂಚಿಗೆ ತಾಗಿರಬೇಕು, ಎರಡನೆಯ ಸಾಲಿನಿಂದ ಅರ್ಧ ಅಂಗುಲ, ಅಂದರೆ 1.27 ಸೆಂಟಿಮೀಟರ್ ಒಳಕ್ಕೆ ಸರಿದಿರಬೇಕು. ಇದಕ್ಕೆ ಹ್ಯಾಂಗಿಂಗ್ ಇಂಡೆಂಟ್ ಎನ್ನುತ್ತಾರೆ. ಎಡ ಅಂಚಿನಲ್ಲಿ ಲೇಖಕರ ಹೆಸರುಗಳು ಮಾತ್ರ ಉಳಿಯುವುದರಿಂದ ಕಣ್ಣು ನೇರವಾಗಿ ಕೆಳಗಿಳಿದು ಬೇಕಾದ ಹೆಸರನ್ನು ಹಿಡಿಯುತ್ತದೆ. ವರ್ಡ್‌ನಲ್ಲಿ ಪಟ್ಟಿಯನ್ನು ಆಯ್ದು `Ctrl+T` ಒತ್ತಿದರೆ ಆಯಿತು. ಬಹಳ ಮಂದಿ ಹೀಗೆ ಮಾಡದೆ, ಸಾಲು ಮುಗಿಯುವಲ್ಲಿ ಎಂಟರ್ ಒತ್ತಿ, ಮುಂದಿನ ಸಾಲಿಗೆ ಸ್ಪೇಸ್ ಕೊಟ್ಟು ತಳ್ಳುತ್ತಾರೆ. ಪುಟ ನೋಡಲು ಸರಿಯಾಗಿಯೇ ಇರುತ್ತದೆ. ಆದರೆ ವರ್ಡ್ ಜೋಡಿಸುವುದು ಎಂಟರ್‌ನಿಂದ ಎಂಟರ್‌ವರೆಗಿನ ತುಣುಕುಗಳನ್ನು. ಎಂಟರ್ ಒತ್ತಿದಲ್ಲೆಲ್ಲ ನಮೂದು ಎರಡಾಗುತ್ತದೆ. ಜೋಡಿಸಿದ ಮೇಲೆ ‘ಮನೋಹರ ಗ್ರಂಥಮಾಲಾ, ಧಾರವಾಡ’ ಎಂಬ ತುಂಡು ತನ್ನ ಪುಸ್ತಕವನ್ನು ಬಿಟ್ಟು ಎಲ್ಲೋ ಒಂಟಿಯಾಗಿ ಬಿದ್ದಿರುತ್ತದೆ. ಅನುಮಾನವಿದ್ದರೆ ವರ್ಡ್‌ನಲ್ಲಿ `¶` ಗುರುತಿನ ಗುಂಡಿ ಒತ್ತಿ ನೋಡಿ: ಒಂದು ಪುಸ್ತಕಕ್ಕೆ ಆ ಗುರುತು ಒಂದೇ ಸಲ, ನಮೂದಿನ ಕೊನೆಯಲ್ಲಿ ಮಾತ್ರ ಕಾಣಬೇಕು.