ಅರ್ಧ ಗಂಟೆ ಕಳೆದ ಬಿಸಿಬೇಳೆಬಾತ್

ಕ್ಲೌಡ್ ಕಿಚನ್ನಿಗೆ ಬೋರ್ಡಿಲ್ಲ, ಟೇಬಲ್ಲಿಲ್ಲ. ಒಗ್ಗರಣೆಯ ಘಮ ಬೀದಿಯವರೆಗೆ ಬಂದರೂ ಅದರ ಬೆನ್ನುಹತ್ತಿ ಒಳಗೆ ಬರುವ ಗಿರಾಕಿಯಿಲ್ಲ. ಸ್ವಿಗ್ಗಿ, ಜೊಮ್ಯಾಟೊಗಳ ಮೂಲಕವೇ ಮಾರುವ ಇಂಥ ಅಡುಗೆಮನೆಗೆ ಇರುವುದು ಮೊಬೈಲಿನಲ್ಲಿ ಹೆಬ್ಬೆರಳಗಲ ಕಾಣುವ ಒಂದು ಫೋಟೊ, ಪಕ್ಕದಲ್ಲಿ ಎರಡು ಸಾಲು. ಆ ಫೋಟೊ ಹೇಗಿರಬೇಕು, ಆ ಸಾಲುಗಳಲ್ಲಿ ಏನಿರಬೇಕು ಎಂದು ನಿರ್ಧರಿಸುವುದೇ ಈಗ ಒಂದು ಕಸುಬು. ಬಿಸಿಬೇಳೆಬಾತನ್ನೇ ತೆಗೆದುಕೊಂಡು ನೋಡೋಣ. ಕ್ಯಾಮೆರಾವನ್ನು ಇಷ್ಟು ಸತಾಯಿಸುವ ತಿಂಡಿ ಇನ್ನೊಂದು ಸಿಗಲಿಕ್ಕಿಲ್ಲ.

ಒಲೆಯಿಂದ ಇಳಿಸಿದಾಗ ಅದು ಸಡಿಲವಾಗಿ, ತುಪ್ಪದ ಹೊಳಪಿನಲ್ಲಿರುತ್ತದೆ. ಆರುತ್ತ ಬಂದಂತೆ ಅನ್ನವೂ ಬೇಳೆಯೂ ನೀರು ಹೀರಿ ಗಟ್ಟಿಯಾಗುತ್ತವೆ, ಹೊಳಪು ಹೋಗುತ್ತದೆ, ಮೇಲೆ ಉದುರಿಸಿದ ಖಾರಾಬೂಂದಿ ಮೆತ್ತಗಾಗುತ್ತದೆ. ಗಿರಾಕಿ ಕಾಣುವುದು ಈ ಎರಡನೆಯ ಬಾತನ್ನು. ಹಾಗಾಗಿ ಅನುಭವವಿದ್ದವರು ಮೊದಲು ಕ್ಯಾಮೆರಾ ಮುಟ್ಟುವುದಿಲ್ಲ. ಮಾಮೂಲಿ ಡಬ್ಬಿಯಲ್ಲಿ ತುಂಬಿಸಿ, ಮುಚ್ಚಳ ಹಾಕಿ, ಅರ್ಧ ಗಂಟೆ ಬಿಟ್ಟು ತೆರೆಯುತ್ತಾರೆ. ಮುದ್ದೆಯಾಗಿದ್ದರೆ ಅದು ಫೋಟೊದವನ ಕೆಲಸವಲ್ಲ, ಅಡುಗೆಯವರ ಕೆಲಸ: ತುಂಬುವ ಮುನ್ನ ಬಿಸಿನೀರು ಬೆರೆಸಿ ಇನ್ನಷ್ಟು ಸಡಿಲ ಮಾಡಬೇಕು, ಬೂಂದಿಯನ್ನು ಬೇರೆ ಪೊಟ್ಟಣಕ್ಕೆ ಹಾಕಬೇಕು. ಅರ್ಧ ಗಂಟೆಯ ನಂತರವೂ ತಿನ್ನುವಂತಿದ್ದರೆ ಆಗ ಅದರ ಫೋಟೊ ತೆಗೆಯಬಹುದು.

ಇನ್ನು ಬೆಳಕು. ಅಡುಗೆಮನೆಯ ಟ್ಯೂಬ್‌ಲೈಟಿನಡಿ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಫ್ಲ್ಯಾಶ್ ಹಾಕಿದರೆ ತುಪ್ಪವೆಲ್ಲ ಬಿಳಿ ಚುಕ್ಕೆ. ದೀಪ ಆರಿಸಿ ಕಿಟಕಿಯ ಪಕ್ಕಕ್ಕೆ ಬನ್ನಿ. ಬಿಸಿಲು ನೇರವಾಗಿ ಬೀಳುತ್ತಿದ್ದರೆ ತೆಳು ಬಿಳಿ ಪಂಚೆ ಇಳಿಬಿಡಿ. ಬೆಳಕು ಬಟ್ಟಲಿನ ಪಕ್ಕದಿಂದ, ಕೊಂಚ ಹಿಂದಿನಿಂದ ಬಿದ್ದರೆ ಹೊಳಪು ಕಾಣುತ್ತದೆ. ಎದುರು ಬದಿಯ ನೆರಳಿಗೆ ಒಂದು ಥರ್ಮೊಕೋಲ್ ಹಾಳೆ ಆನಿಸಿಟ್ಟರೆ ಸಾಕು. ಮೊಬೈಲನ್ನು ಬಟ್ಟಲಿಗೆ ಮೂಗು ತಾಗಿಸಿದಂತೆ ಹಿಡಿದರೆ ಆಕಾರ ಸೊಟ್ಟಗಾಗುತ್ತದೆ. ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡುವುದು ಲೇಸು. ಊಟದ ತಟ್ಟೆಯನ್ನು ನೇರ ಮೇಲಿನಿಂದ ತೆಗೆಯಬಹುದು. ಬಾತಿಗೆ ಮಾತ್ರ ನಾವು ಕುಳಿತು ಉಣ್ಣುವಾಗ ಕಾಣುವ ಓರೆ ಕೋನವೇ ಸರಿ. ತರಕಾರಿ ಬೆಂದು ಬೆರೆತಿರುವುದರಿಂದ ನಾಲ್ಕು ಹೋಳು ಕ್ಯಾರೆಟ್ಟು, ಬೀನ್ಸು, ನವಿಲುಕೋಸನ್ನು ಅದೇ ಪಾತ್ರೆಯಿಂದ ಆಯ್ದು ಮೇಲೆ ಕಾಣುವಂತೆ ಇಡಬೇಕು. ಇದು ಮೋಸವಲ್ಲ. ಪಾರ್ಸೆಲ್ಲಿನಲ್ಲಿ ಎರಡೇ ಗೋಡಂಬಿ ಹೋಗುವಾಗ ಫೋಟೊದಲ್ಲಿ ಹತ್ತು ಇಟ್ಟರೆ ಅದು ಮೋಸ.

ತೆಗೆದ ಫೋಟೊವನ್ನು ದೊಡ್ಡ ಪರದೆಯಲ್ಲಿ ನೋಡಿ ಖುಷಿಪಡಬಾರದು. ಮೊಬೈಲಿನಲ್ಲಿ ಹೆಬ್ಬೆರಳಗಲಕ್ಕೆ ಕಿರಿದುಮಾಡಿ, ವಿಷಯ ಗೊತ್ತಿಲ್ಲದ ಯಾರಿಗಾದರೂ ತೋರಿಸಿ. "ಏನೋ ಪಲ್ಯ" ಅಂದರೆ ಮತ್ತೆ ತೆಗೆಯಬೇಕು. ಬಾಳೆಎಲೆ, ಹಿತ್ತಾಳೆ ಚೊಂಬು, ಮಲ್ಲಿಗೆಯ ದಂಡೆ ಮೊದಲಾದ ಸಿಂಗಾರಗಳು ಆ ಅಳತೆಯಲ್ಲಿ ಕಸದಂತೆ ಕಾಣುತ್ತವೆ.

ಈಗ ಸಾಲು. "ಅಮ್ಮನ ಕೈರುಚಿಯ ರಾಯಲ್ ಬಿಸಿಬೇಳೆಬಾತ್" ಎಂದು ಬರೆದರೆ ಗಿರಾಕಿಗೆ ಒಂದು ಸಂಗತಿಯೂ ತಿಳಿಯುವುದಿಲ್ಲ, ಜೊತೆಗೆ ಉದ್ದದ ವಿವರಣೆಯನ್ನು ಆ್ಯಪ್ ಅರ್ಧಕ್ಕೇ ಕತ್ತರಿಸಿ ತೋರಿಸುತ್ತದೆ. ಹಸಿದವನ ಮನಸ್ಸಿನಲ್ಲಿರುವ ಪ್ರಶ್ನೆಗಳು ಮೂರೋ ನಾಲ್ಕೋ: ಎಷ್ಟಿದೆ, ಜೊತೆಗೇನು, ಖಾರವೇ, ಈರುಳ್ಳಿ ಬೆಳ್ಳುಳ್ಳಿ ಇದೆಯೇ. ಅವಕ್ಕೆ ಉತ್ತರವಾಗಿ ಹೀಗೆ ಬರೆಯಬಹುದು: "450 ಗ್ರಾಂ, ಒಬ್ಬರಿಗೆ. ತೊಗರಿಬೇಳೆ, ಅನ್ನ, ತರಕಾರಿ, ತುಪ್ಪದ ಒಗ್ಗರಣೆ. ಮಧ್ಯಮ ಖಾರ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಬೂಂದಿ ಬೇರೆ ಪೊಟ್ಟಣದಲ್ಲಿ." ತೂಕವನ್ನು ಅಂದಾಜಿನಲ್ಲಿ ಬರೆಯದೆ ನಾಲ್ಕಾರು ಡಬ್ಬಿ ತೂಗಿ, ಅತಿ ಕಡಿಮೆ ಬಂದದ್ದನ್ನೇ ಹಾಕಬೇಕು. ಗೋಡಂಬಿ, ಶೇಂಗಾ, ತುಪ್ಪ ಹಾಕಿದ್ದರೆ, ಅವು ಒಗ್ಗದವರಿಗಾಗಿ ಅವುಗಳ ಹೆಸರು ಇರಲೇಬೇಕು. ಹಲವರು ಮರೆಯುವುದು ಇಂಗು: ಅಂಗಡಿಯ ಇಂಗಿನಲ್ಲಿ ಎಷ್ಟೋ ಸಲ ಗೋಧಿಹಿಟ್ಟು ಬೆರೆತಿರುತ್ತದೆ. ಡಬ್ಬಿಯ ಮೇಲಿನ ಪಟ್ಟಿ ಓದದೆ "ಗೋಧಿ ಇಲ್ಲ" ಎಂದು ಬರೆಯಕೂಡದು. ಬೆಂಗಳೂರಿಗೆ ಹೊಸದಾಗಿ ಬಂದವರಿಗೆ ತಿಳಿಯಲೆಂದು ಕೆಲವರು "ಸಾಂಬಾರ್ ರೈಸ್" ಎಂದು ಸೇರಿಸುತ್ತಾರೆ. ಹೊಸಬರಿಗೆ ಅದರಿಂದ ಉಪಯೋಗವಾಗಬಹುದೇನೋ, ಹಳಬರು ಮಾತ್ರ ಆ ಹೋಟೆಲಿನ ಕಡೆ ಮತ್ತೆ ತಲೆಹಾಕುವುದಿಲ್ಲ!

ಎಡವಿದ್ದೆಲ್ಲಿ ಎಂಬುದು ಒಂದೆರಡು ವಾರದಲ್ಲಿ ಗೊತ್ತಾಗುತ್ತದೆ. ಮೆನು ತೆರೆದವರು ಬಹಳ, ಆರ್ಡರ್ ಮಾಡಿದವರು ಕಡಿಮೆ ಎಂದಾದರೆ ಸಾಲುಗಳನ್ನೂ ಬೆಲೆಯನ್ನೂ ನೋಡಬೇಕು. ಆರ್ಡರ್ ಚೆನ್ನಾಗಿದ್ದು "ಕಮ್ಮಿ ಇತ್ತು" ಎಂಬ ದೂರೇ ಪದೇಪದೇ ಬಂದರೆ ತಪ್ಪು ಸಾಮಾನ್ಯವಾಗಿ ಫೋಟೊದ ಬಟ್ಟಲಿನದು: ಆಳವಾದ ದೊಡ್ಡ ಬಟ್ಟಲಿನಲ್ಲಿ ಕಂಠಮಟ್ಟ ತುಂಬಿಸಿ ತೆಗೆದಿರುತ್ತಾರೆ, ಮನೆಗೆ ಹೋಗುವುದು ಚಪ್ಪಟೆ ಡಬ್ಬಿ. ಆ ಡಬ್ಬಿಯಲ್ಲಿ ಹೋಗುವಷ್ಟನ್ನೇ ತೂಗಿ, ಅದಕ್ಕೆ ತಕ್ಕ ಬಟ್ಟಲಿಗೆ ಸುರಿದು ಮತ್ತೆ ತೆಗೆಯಬೇಕು. ಡಬ್ಬಿ ಸರಬರಾಜು ಮಾಡುವವರು ಅಳತೆ ಬದಲಿಸಿದಾಗಲೂ ಅಷ್ಟೇ.