ಕ್ಲೌಡ್ ಪಟ್ಟಿಗೆ ಬೇಕಾದ ಇನ್ನೊಂದು ಕಾಲಂ

ಐಟಿ ಕೆಲಸದಲ್ಲಿ ಪ್ರಾಜೆಕ್ಟ್ ಬದಲಾದರೆ ಕ್ಲೌಡ್ ಕೂಡ ಬದಲಾಗುವುದು ಮಾಮೂಲು. ನಿನ್ನೆಯವರೆಗೆ ಅಮೆಜಾನ್‌ನ ಎಡಬ್ಲ್ಯೂಎಸ್‌ನಲ್ಲಿ ಪಳಗಿದವರು ಇವತ್ತು ಮೈಕ್ರೋಸಾಫ್ಟ್‌ನ ಅಜೂರ್ ಅಥವಾ ಗೂಗಲ್ ಕ್ಲೌಡ್ ಕಲಿಯಬೇಕಾಗುತ್ತದೆ. ಮೂವರ ವ್ಯಾಪಾರವೂ ಒಂದೇ: ತಮ್ಮ ಡೇಟಾ ಸೆಂಟರಿನ ಕಂಪ್ಯೂಟರು, ಡಿಸ್ಕು, ನೆಟ್‌ವರ್ಕುಗಳನ್ನು ಬಾಡಿಗೆಗೆ ಕೊಡುವುದು. ಹೆಸರುಗಳು ಮಾತ್ರ ಬೇರೆ ಬೇರೆ. ಹಾಗಾಗಿ ಕಲಿಯುವವರು ಮೊದಲು ಇಂಥದೊಂದು ಪಟ್ಟಿ ಬರೆದುಕೊಳ್ಳುತ್ತಾರೆ.

| ಕೆಲಸ | ಎಡಬ್ಲ್ಯೂಎಸ್ | ಅಜೂರ್ | ಗೂಗಲ್ |
|---|---|---|---|
| ಬಾಡಿಗೆ ಕಂಪ್ಯೂಟರ್ | ಇಸಿ2 | ವರ್ಚುವಲ್ ಮಷೀನ್ಸ್ | ಕಂಪ್ಯೂಟ್ ಎಂಜಿನ್ |
| ಫೈಲುಗಳ ಸಂಗ್ರಹ | ಎಸ್3 | ಬ್ಲಾಬ್ ಸ್ಟೋರೇಜ್ | ಕ್ಲೌಡ್ ಸ್ಟೋರೇಜ್ |
| ಖಾಸಗಿ ನೆಟ್‌ವರ್ಕ್ | ವಿಪಿಸಿ | ವರ್ಚುವಲ್ ನೆಟ್‌ವರ್ಕ್ | ವಿಪಿಸಿ |
| ಒಳಬರುವವರ ತಡೆ | ಸೆಕ್ಯುರಿಟಿ ಗ್ರೂಪ್ | ನೆಟ್‌ವರ್ಕ್ ಸೆಕ್ಯುರಿಟಿ ಗ್ರೂಪ್ | ಫೈರ್‌ವಾಲ್ ರೂಲ್ |

ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣಾಡಿಸಲು ಇಷ್ಟು ಸಾಕು. ಕೆಲಸಕ್ಕೆ ಕೂತಾಗ ಸಾಲದು. ಒಂದೇ ಸಾಲಿನಲ್ಲಿರುವ ಮೂರು ಸೇವೆಗಳು ಒಂದೇ ಕೆಲಸ ಮಾಡುತ್ತವೆ, ನಿಜ. ಆದರೆ ಒಂದೇ ರೀತಿಯಲ್ಲಿ ಮಾಡುವುದಿಲ್ಲ. ಹೆಸರು ಪೂರ್ತಿ ಹೊಂದಿಕೊಂಡ ಕಡೆಯೇ ಎಡವುವುದು ಜಾಸ್ತಿ.

ಮೂರನೇ ಸಾಲು ನೋಡಿ. ಎಡಬ್ಲ್ಯೂಎಸ್‌ನಲ್ಲೂ ಗೂಗಲ್‌ನಲ್ಲೂ ಹೆಸರು ವಿಪಿಸಿ. ಎಡಬ್ಲ್ಯೂಎಸ್‌ನ ವಿಪಿಸಿ ಒಂದು ರೀಜನ್ನಿಗೆ, ಅಂದರೆ ಮುಂಬೈಯಂಥ ಒಂದು ಪ್ರದೇಶದ ಡೇಟಾ ಸೆಂಟರುಗಳಿಗೆ ಸೀಮಿತ. ಅದರೊಳಗಿನ ಸಬ್‌ನೆಟ್ ಇನ್ನೂ ಚಿಕ್ಕದು. ಆ ರೀಜನ್ನಿನ ಒಂದೇ ಒಂದು ಝೋನಿನಲ್ಲಿರುತ್ತದೆ. ಗೂಗಲ್‌ನ ವಿಪಿಸಿಗೆ ಈ ಗಡಿಯೇ ಇಲ್ಲ. ಅದು ಜಗತ್ತಿನ ಎಲ್ಲ ರೀಜನ್‌ಗಳಿಗೂ ಹರಡಿಕೊಳ್ಳಬಲ್ಲದು; ಪ್ರತಿ ಸಬ್‌ನೆಟ್ ಮಾತ್ರ ಒಂದು ರೀಜನ್ನಿಗೆ ಕಟ್ಟುಬೀಳುತ್ತದೆ. ಅಜೂರ್ ಇವೆರಡರ ನಡುವೆ: ನೆಟ್‌ವರ್ಕ್ ಒಂದು ರೀಜನ್ನಿನದು, ಸಬ್‌ನೆಟ್ ಆ ರೀಜನ್ನಿನ ಎಲ್ಲ ಝೋನುಗಳಿಗೂ ಸಲ್ಲುತ್ತದೆ.

ಇದರ ಪರಿಣಾಮ ಒಂದು ಸಣ್ಣ ಕೆಲಸದಲ್ಲಿ ಕಾಣುತ್ತದೆ. ಮುಂಬೈಯಲ್ಲಿ ಒಂದು ವೆಬ್ ಸರ್ವರ್, ಬೇರೆ ಊರಿನಲ್ಲಿ ಅದರ ಡೇಟಾಬೇಸ್ ಇಡಬೇಕು ಅಂದುಕೊಳ್ಳಿ. ಎಡಬ್ಲ್ಯೂಎಸ್‌ನಲ್ಲಿ ಮುಂಬೈಗೊಂದು, ಹೈದರಾಬಾದಿಗೊಂದು ವಿಪಿಸಿ ಮಾಡಿ, ಎರಡನ್ನೂ ಪಿಯರಿಂಗ್‌ನಿಂದ ಜೋಡಿಸಿ, ಎರಡೂ ಕಡೆಯ ರೂಟ್ ಟೇಬಲ್‌ನಲ್ಲಿ ದಾರಿ ಬರೆಯಬೇಕು. ಅಭ್ಯಾಸಬಲದಿಂದ ಎರಡಕ್ಕೂ `10.0.0.0/16` ವಿಳಾಸವನ್ನೇ ಕೊಟ್ಟಿದ್ದರೆ ಪಿಯರಿಂಗ್ ಆಗುವುದೇ ಇಲ್ಲ. ಗೂಗಲ್‌ನಲ್ಲಿ ಒಂದೇ ವಿಪಿಸಿಯೊಳಗೆ ಮುಂಬೈಗೊಂದು, ದೆಹಲಿಗೊಂದು ಸಬ್‌ನೆಟ್ ಮಾಡಿದರೆ ಮುಗಿಯಿತು. ದಾರಿ ತಾನಾಗಿ ಹುಟ್ಟಿಕೊಳ್ಳುತ್ತದೆ.

ದಾರಿ ಇದ್ದರೂ ಬಾಗಿಲು ತೆರೆದಿರಬೇಕಲ್ಲ. ಇಲ್ಲಿ ನಾಲ್ಕನೇ ಸಾಲು ಕೈಕೊಡುತ್ತದೆ. ಎಡಬ್ಲ್ಯೂಎಸ್‌ನ ಸೆಕ್ಯುರಿಟಿ ಗ್ರೂಪನ್ನು ಆಯಾ ಮಷೀನಿಗೆ ತಗುಲಿಸುತ್ತೇವೆ. ಗೂಗಲ್‌ನ ಫೈರ್‌ವಾಲ್ ರೂಲನ್ನು ಇಡೀ ನೆಟ್‌ವರ್ಕಿನ ಮೇಲೆ ಬರೆದು, ಯಾವ ಮಷೀನಿಗೆ ಅನ್ವಯ ಎಂಬುದನ್ನು ಸಾಮಾನ್ಯವಾಗಿ ಟ್ಯಾಗ್ ಮೂಲಕ ಹೇಳುತ್ತೇವೆ. `db` ಟ್ಯಾಗಿನ ಮಷೀನಿಗೆ 5432 ಪೋರ್ಟ್ ತೆರೆಯಿರಿ ಎಂದು ರೂಲ್ ಬರೆದು, ಮಷೀನಿಗೆ ಆ ಟ್ಯಾಗ್ ಹಾಕುವುದನ್ನೇ ಮರೆತರೆ, ರೂಲ್ ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತದೆ, ಸಂಪರ್ಕ ಮಾತ್ರ ಸಿಗುವುದಿಲ್ಲ. ಪತ್ತೆಹಚ್ಚಲು ಒಂದು ಗುರುತಿದೆ. ತುಂಬ ಹೊತ್ತು ಕಾಯಿಸಿ `Connection timed out` ಎಂದರೆ ಮೊದಲು ಫೈರ್‌ವಾಲ್ ಅಥವಾ ದಾರಿಯನ್ನು ನೋಡಿ. ತಕ್ಷಣ `Connection refused` ಬಂದರೆ ಸಾಮಾನ್ಯವಾಗಿ ಮಷೀನಿನವರೆಗೆ ತಲುಪಿದ್ದೀರಿ, ಆ ಪೋರ್ಟಿನಲ್ಲಿ ಡೇಟಾಬೇಸ್ ಓಡುತ್ತಿಲ್ಲ ಎಂದರ್ಥ.

ಮೊದಲ ಸಾಲು ಎಲ್ಲಕ್ಕಿಂತ ಸರಳವಾಗಿ ಕಾಣುತ್ತದೆ, ಆದರೆ ಹೊಸಬರ ದುಡ್ಡು ಸೋರುವುದು ಅಲ್ಲೇ. ಲಿನಕ್ಸ್ ಮಷೀನಿನೊಳಗೆ ಕೂತು `sudo shutdown now` ಕೊಟ್ಟರೆ, ಬೇರೆ ಸೆಟ್ಟಿಂಗ್ ಮಾಡಿರದಿದ್ದಲ್ಲಿ, ಎಡಬ್ಲ್ಯೂಎಸ್ ಮತ್ತು ಗೂಗಲ್‌ನಲ್ಲಿ ಮಷೀನಿನ ಬಾಡಿಗೆ ನಿಲ್ಲುತ್ತದೆ. ಡಿಸ್ಕಿನ ಬಾಡಿಗೆ ಮಾತ್ರ ಮುಂದುವರಿಯುತ್ತದೆ. ಅಜೂರ್‌ನಲ್ಲಿ ಮಷೀನು ಆರಿದರೂ ನಿಮಗೆಂದು ಕಾದಿರಿಸಿದ ಜಾಗ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ, ಬಾಡಿಗೆ ಓಡುತ್ತಲೇ ಇರುತ್ತದೆ. `az vm stop` ಕೊಟ್ಟರೂ ಅಷ್ಟೇ. ಜಾಗ ಬಿಟ್ಟುಕೊಡಲು ಪೋರ್ಟಲ್‌ನ ಸ್ಟಾಪ್ ಬಟನ್ ಒತ್ತಬೇಕು, ಇಲ್ಲವೇ ಈ ಆಜ್ಞೆ ಕೊಡಬೇಕು:

```
az vm deallocate -g mygroup -n myvm
```

ಆದ್ದರಿಂದ ನಿಮ್ಮ ಪಟ್ಟಿಗೆ "ವ್ಯತ್ಯಾಸ" ಎಂಬ ಇನ್ನೊಂದು ಕಾಲಂ ಸೇರಿಸಿ. ಪ್ರತಿ ಸಾಲಿಗೂ ಒಂದೊಂದೇ ವಾಕ್ಯ ಬರೆಯಿರಿ, ಅದೂ ಅಭ್ಯಾಸದ ಖಾತೆಯಲ್ಲಿ ಸ್ವತಃ ಮಾಡಿ ನೋಡಿದ ಮೇಲೆ. ಅಜೂರ್‌ನಲ್ಲಿ ಅಭ್ಯಾಸ ಮುಗಿಸಿ ಏಳುವ ಮುನ್ನ ಪರದೆಯಲ್ಲಿ `Stopped` ಎಂದಿದೆಯೋ, `Stopped (deallocated)` ಎಂದಿದೆಯೋ ಓದಿಕೊಳ್ಳಿ. ಬಾಡಿಗೆ ನಿಲ್ಲುವುದು ಎರಡನೆಯದರಲ್ಲಿ ಮಾತ್ರ.