ಸಂಘದ ಲೆಕ್ಕ ಸರಿ, ಆದರೂ 348 ರೂಪಾಯಿ ಇಲ್ಲ!

ನಮ್ಮೂರ ಹೆಣ್ಣುಮಕ್ಕಳ ಸ್ವಸಹಾಯ ಸಂಘದಲ್ಲಿ 15 ಜನ. ವಾರಕ್ಕೆ ತಲಾ 50 ರೂಪಾಯಿ ಕಟ್ಟುತ್ತಾರೆ. ಮನೆ ಲೆಕ್ಕ ಬರೆಯೋದು ಹೇಳಿಕೊಡಿ ಅಂತ ಒಂದು ಸಂಜೆ ನನ್ನನ್ನು ಕರೆದರು. ನಾನು ಓದಿದ್ದು ಏಳನೇ ಕ್ಲಾಸು. ಆದರೆ ನಮ್ಮ ಶೇಂಗಾ ಹೊಲದ ಖರ್ಚು, ಹುಟ್ಟುವಳಿ ಎಲ್ಲಾ ಇಪ್ಪತ್ತು ವರ್ಷದಿಂದ ಬರೆದಿಟ್ಟಿದ್ದೇನೆ. ಆ ಧೈರ್ಯದ ಮೇಲೆ ಹೋದೆ.

ಮೊದಲು ಸಂಘದ ಪುಸ್ತಕ ತೆಗೆಸಿದೆ. 40 ವಾರದ ಉಳಿತಾಯ 30,000. ಬಂದ ಬಡ್ಡಿ 1,800. ಖರ್ಚು 300 ಕಳೆದರೆ 31,500. ಈ ದುಡ್ಡು ಮೂರು ಕಡೆ ಸಿಗಬೇಕು. ಸದಸ್ಯರ ಮೇಲೆ ಸಾಲ 22,000, ಬ್ಯಾಂಕಿನಲ್ಲಿ 9,000, ಪೆಟ್ಟಿಗೆಯಲ್ಲಿ 500. ಕೂಡಿದರೆ ಅದೇ 31,500. ಎಲ್ಲರೂ ನಕ್ಕರು. "ನಮ್ಮ ಲೆಕ್ಕ ಪಕ್ಕಾ ಐತಣ್ಣ" ಅಂದರು.

ಆಮೇಲೆ ಮನೆ ಲೆಕ್ಕಕ್ಕೆ ಬಂದೆ. ಮಕ್ಕಳ ಹಳೇ ನೋಟ್‌ಬುಕ್ ಸಾಕು. ಮೂರು ಗೆರೆ ಎಳೆಯಿರಿ: ಬಂದದ್ದು, ಹೋದದ್ದು, ಕೊಡಬೇಕಾದದ್ದು. ಸಾಲ ತಂದರೆ ಅದನ್ನು ಕೂಲಿ, ಹಾಲಿನ ದುಡ್ಡಿನ ಜೊತೆ 'ಬಂದದ್ದು' ಅಂತ ಕೂಡಿಸಬೇಡಿ. 'ಕೊಡಬೇಕಾದದ್ದು' ಮನೆಯಲ್ಲಿ ಬರೆಯಿರಿ. ಇಲ್ಲದಿದ್ದರೆ ಆ ತಿಂಗಳು ಕೈತುಂಬ ದುಡಿದಂತೆ ಕಾಣುತ್ತದೆ, ಖರ್ಚೂ ಹಾಗೇ ಆಗುತ್ತದೆ.

ಆಗ ಒಬ್ಬ ತಂಗಿ ತನ್ನ ನೋಟ್‌ಬುಕ್ ತೋರಿಸಿದಳು. ಆಗಲೇ ಬರೆಯುತ್ತಿದ್ದಳು. ಸಂಘದಿಂದ 3,000 ಸಾಲ. ತಿಂಗಳಿಗೆ 300 ಅಸಲು, ಉಳಿದ ಅಸಲಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಮೊದಲ ತಿಂಗಳು 360, ಎರಡನೇ ತಿಂಗಳು 354, ಮೂರನೇ ತಿಂಗಳು 348 ಕಟ್ಟಿದ್ದಾಗಿ ಬರೆದಿದ್ದಳು. ಉಳಿದ ಅಸಲು 2,100. ಸಂಘದ ಪುಸ್ತಕದಲ್ಲಿ ನೋಡಿದರೆ 2,400! ಮೂರನೇ ಕಂತೇ ಇಲ್ಲ.

ಕೇಳಿದಾಗ ಗೊತ್ತಾಯಿತು. ಆ ವಾರ ಕಳೆ ಕೀಳುವ ಕೂಲಿಗೆ ಹೋಗಬೇಕಿತ್ತು ಅಂತ, ದಾರಿಯಲ್ಲಿ ಸಿಕ್ಕ ಪ್ರತಿನಿಧಿ ಕೈಗೆ ದುಡ್ಡು ಕೊಟ್ಟಿದ್ದಳು. ಪಾಸ್‌ಬುಕ್ ಜೊತೆಗಿರಲಿಲ್ಲ. ಪ್ರತಿನಿಧಿ ಮುಖ ಸಣ್ಣದಾಯಿತು. "ಅಯ್ಯೋ, ಸೆರಗಿಗೆ ಗಂಟು ಹಾಕ್ಕೊಂಡಿದ್ದೆ, ಸಂತೆಯಾಗೆ ಖರ್ಚಾತು, ಮರ್ತೇಬಿಟ್ಟೆ" ಅಂದಳು. ಮರುದಿನ ತಂದುಕೊಟ್ಟಳು. ಜಗಳವಾಗಲಿಲ್ಲ.

ಹಾಗಾದರೆ ಸಂಘದ ಲೆಕ್ಕ ಹೇಗೆ ಸರಿ ಬಂತು? ದುಡ್ಡು ಪೆಟ್ಟಿಗೆಗೂ ಬಂದಿಲ್ಲ, ಪುಸ್ತಕಕ್ಕೂ ಏರಿಲ್ಲ. ಎರಡೂ ಕಡೆ ಇಲ್ಲದ್ದು ತಾಳೆಯಲ್ಲಿ ಸಿಗುವುದಿಲ್ಲ. ಅದನ್ನು ಹಿಡಿಯುವುದು ಕೊಟ್ಟವಳ ಮನೆ ಪುಸ್ತಕ ಮಾತ್ರ. ಅದೂ ಕೊಟ್ಟ ದಿನ ರಾತ್ರಿಯೇ ಬರೆದಿದ್ದರೆ. ವಾರ ಬಿಟ್ಟು ನೆನಪಿನಿಂದ ಬರೆದದ್ದನ್ನು ಯಾರೂ ಒಪ್ಪುವುದಿಲ್ಲ.

ಅವತ್ತೇ ಎರಡು ಮಾತು ಮಾಡಿಕೊಂಡರು. ದುಡ್ಡು ಸಭೆಯಲ್ಲೇ ಕೊಡಬೇಕು. ಹೊರಗೆ ಕೊಟ್ಟರೆ ಪಾಸ್‌ಬುಕ್ಕಿನಲ್ಲಿ ಆಗಲೇ ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ತಿಂಗಳ ಕೊನೇ ಸಭೆಯಲ್ಲಿ ಪ್ರತಿಯೊಬ್ಬರ ಉಳಿತಾಯ, ಸಾಲ ಗಟ್ಟಿಯಾಗಿ ಓದಬೇಕು. ಅವರವರು ಮನೆ ಪುಸ್ತಕ ನೋಡಿ 'ಹೌದು' ಅನ್ನಬೇಕು. ಅಕ್ಷರ ಬಾರದವರು ರಾತ್ರಿ ಮಕ್ಕಳಿಗೆ ಹೇಳಿ ಬರೆಸುತ್ತಾರೆ.